ಹಿಗ್ಗದ ಲೆದರ್ ಜಾಕೆಟ್‌ಗೆ ಅಳತೆ ಹಿಡಿಯುವುದು ಹೇಗೆ?

ಚರ್ಮದ ಚಪ್ಪಲಿ ಕೊಳ್ಳುವಾಗ ಅಂಗಡಿಯವರು ಹೇಳುವ ಮಾತು ಎಲ್ಲರಿಗೂ ಗೊತ್ತು: "ಈಗ ಸ್ವಲ್ಪ ಬಿಗಿ ಅನ್ಸ್ತದೆ, ಹಾಕ್ತಾ ಹಾಕ್ತಾ ಬಿಡ್ತದೆ." ಚಪ್ಪಲಿಯ ಮಟ್ಟಿಗೆ ಮಾತು ಸುಳ್ಳಲ್ಲ. ಹೆಜ್ಜೆ ಹೆಜ್ಜೆಗೂ ಇಡೀ ಮೈಭಾರ ಅದರ ಮೇಲೆ ಬೀಳುತ್ತದೆ, ಪಟ್ಟಿ ಬಿಡಲೇಬೇಕು. ದಪ್ಪ ಚರ್ಮದ ಜಾಕೆಟ್ ಕೊಳ್ಳುವಾಗಲೂ ಇದೇ ಮಾತು ನಂಬಿ ಕೆಟ್ಟವರು ಬಹಳ. ಸಿರ್ಸಿಯ ನನ್ನ ಭಾವನೂ ಅವರಲ್ಲೊಬ್ಬ. ಅವನ ಜಾಕೆಟ್ಟಿನ ಲೆಕ್ಕವನ್ನೇ ಮುಂದಿಟ್ಟುಕೊಂಡು, ಅಳತೆ ಹಿಡಿಯುವ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಯಾವ ಚರ್ಮದ ಮಾತು ಎಂಬುದು ಸ್ಪಷ್ಟವಾಗಲಿ. ಕುರಿಮರಿ ಚರ್ಮದ ಜಾಕೆಟ್ ತೆಳು, ಮುಕ್ಕಾಲು ಮಿಲಿಮೀಟರ್ ಆಸುಪಾಸು. ಅದು ಬಟ್ಟೆಯ ಹಾಗೆ ಮೈಮೇಲೆ ಬೀಳುತ್ತದೆ, ಸ್ವಲ್ಪ ಹಿಗ್ಗುತ್ತದೆ ಕೂಡ. ಬೈಕ್ ಓಡಿಸುವವರು ಕೊಳ್ಳುವ ಎಮ್ಮೆ, ದನ, ಕುದುರೆ ಚರ್ಮದ ಜಾಕೆಟ್‌ಗಳು 1.2ರಿಂದ 1.5 ಮಿಲಿಮೀಟರ್ ದಪ್ಪ. ಹೊಸತನ್ನು ನೆಲದ ಮೇಲೆ ಇಟ್ಟರೆ ತಾನಾಗಿ ನಿಂತೀತು, ಅಷ್ಟು ಬಿರುಸು. ಇದು ತಿಂಗಳುಗಟ್ಟಲೆ ಹಾಕಿದರೆ ಮೆದುವಾಗುತ್ತದೆ, ಮೊಣಕೈ ಹತ್ತಿರ ನಿಮ್ಮ ಕೈಯ ಆಕಾರ ಹಿಡಿಯುತ್ತದೆ. ಆದರೆ ಮೆದುವಾಗುವುದು ಬೇರೆ, ದೊಡ್ಡದಾಗುವುದು ಬೇರೆ. ಭುಜದ ಮೇಲಂತೂ ಎರಡು ತುಂಡು ಚರ್ಮ ಸೇರಿ ಹೊಲಿಗೆ ಬಿದ್ದಿರುತ್ತದೆ, ಒಳಗೆ ಲೈನಿಂಗ್ ಬಟ್ಟೆಯೂ ಅದಕ್ಕೆ ಸೇರಿರುತ್ತದೆ. ಚರ್ಮ ಒಂದೆಳೆ ಬಿಡಲು ಒಪ್ಪಿದರೂ ಲೈನಿಂಗ್ ಒಪ್ಪುವುದಿಲ್ಲ.

ದರ್ಜಿಯ ಹತ್ತಿರ ಕೊಟ್ಟು ಬಿಡಿಸಿಕೊಳ್ಳೋಣ ಅಂದರೆ ಅದೂ ಕಷ್ಟ. ಬಟ್ಟೆಯ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಮುಚ್ಚಿಹೋಗುತ್ತದೆ; ಚರ್ಮದಲ್ಲಿ ತೂತು ತೂತಾಗಿಯೇ ಉಳಿಯುತ್ತದೆ. ಹೊಲಿಗೆ ಒಳಕ್ಕೆ ತೆಗೆದು ಚಿಕ್ಕದು ಮಾಡಬಹುದು, ಹಳೆಯ ತೂತು ಒಳಗೆ ಅಡಗುತ್ತದೆ. ಹೊರಕ್ಕೆ ಬಿಟ್ಟು ದೊಡ್ಡದು ಮಾಡಿದರೆ ತೂತಿನ ಸಾಲು ಎದ್ದು ಕಾಣುತ್ತದೆ, ನೀರೂ ಅಲ್ಲೇ ಒಳಗಿಳಿಯುತ್ತದೆ. ಆದ್ದರಿಂದ ಎಲ್ಲ ಲೆಕ್ಕವೂ ಕೊಳ್ಳುವ ಮೊದಲೇ ಮುಗಿಯಬೇಕು.

ಯಾವುದರ ಮೇಲೆ ಹಾಕುತ್ತೀರಿ?

ಟೇಪು ಕೈಗೆತ್ತಿಕೊಳ್ಳುವ ಮೊದಲು ಈ ಪ್ರಶ್ನೆ. ನಾನಿರುವುದು ಕಾರವಾರದಲ್ಲಿ. ಇಲ್ಲಿ ಬನಿಯನ್ ಮೇಲೆ ಟೀ ಶರ್ಟ್ ಹಾಕಿದರೇ ಬೆವರು ಇಳಿಯುತ್ತದೆ, ಜಾಕೆಟ್ಟಿನೊಳಗೆ ಸ್ವೆಟರಿನ ಮಾತೇ ಇಲ್ಲ. ಭಾವನ ಊರು ಸಿರ್ಸಿಯ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಪುಷ್ಯ, ಮಾಘದ ಬೆಳಗ್ಗೆ ಅಡಿಕೆ ತೋಟದ ಮೇಲೆ ಮಂಜು ಕೂತಿರುವಾಗ ಅಲ್ಲಿಂದ ಬೈಕ್ ಹತ್ತಿ, ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಬರುತ್ತಾನೆ. ಹೊರಡುವಾಗ ಜಾಕೆಟ್ಟಿನೊಳಗೆ ಸ್ವೆಟರ್ ಇರುತ್ತದೆ. ಕುಮಟಾದಲ್ಲಿ ಚಹಾಕ್ಕೆ ನಿಂತಾಗ ಸ್ವೆಟರ್ ಬಿಚ್ಚಿ ಚೀಲಕ್ಕೆ ಹೋಗುತ್ತದೆ. ಒಂದೇ ದಾರಿ, ಒಂದೇ ಜಾಕೆಟ್, ಅದರೊಳಗಿನ ಮೈ ಮಾತ್ರ ಎರಡು ಅಳತೆಯದು.

ಹಿಗ್ಗುವ ಬಟ್ಟೆಯಾದರೆ ಈ ವ್ಯತ್ಯಾಸ ನುಂಗಿಕೊಳ್ಳುತ್ತಿತ್ತು. ಬಿರುಸು ಚರ್ಮ ನುಂಗುವುದಿಲ್ಲ. ಹಾಗಾಗಿ ನೀವು ನಿಜವಾಗಿ ಹಾಕುವ ಅತಿ ದಪ್ಪದ ಒಳಉಡುಪು ಯಾವುದೋ ಅದರ ಮೇಲೇ ಅಳತೆ ನಿಲ್ಲಬೇಕು. "ನಿಜವಾಗಿ" ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಎಂದೋ ಒಮ್ಮೆ ಹಿಮಾಲಯಕ್ಕೆ ಹೋದೇನು ಅಂತ ಎರಡು ಸ್ವೆಟರಿನ ಜಾಗ ಬಿಟ್ಟು ಕೊಂಡವನು, ವರ್ಷದ ಉಳಿದ ದಿನವೆಲ್ಲ ಗೋಣಿಚೀಲ ಹೊದ್ದವನ ಹಾಗೆ ಕಾಣುತ್ತಾನೆ. ಕರಾವಳಿಯಲ್ಲೇ ಇದ್ದು, ಘಟ್ಟ ಹತ್ತುವುದು ವರ್ಷಕ್ಕೊಮ್ಮೆ ಅನ್ನುವವರು ಟೀ ಶರ್ಟಿನ ಅಳತೆಯಲ್ಲೇ ನಿಲ್ಲಲಿ.

ಸ್ವೆಟರಿನ ದಪ್ಪವನ್ನು ಅಂದಾಜಿಗೆ ಬಿಡಬೇಡಿ. ಅದನ್ನು ಮೇಜಿನ ಮೇಲೆ ಹಾಸಿದರೆ ಹಿಂದು ಮುಂದು ಸೇರಿ ಎರಡು ಪದರ. ಒಮ್ಮೆ ಮಡಚಿದರೆ ನಾಲ್ಕು. ಮೇಲೊಂದು ಪುಸ್ತಕ ಇಟ್ಟು, ಮೆಲ್ಲಗೆ ಒತ್ತಿ, ಪಕ್ಕದಿಂದ ಸ್ಕೇಲ್ ಹಿಡಿದು ನೋಡಿ. ಭಾವನ ಸ್ವೆಟರು ಹೀಗೆ 2 ಸೆಂಟಿಮೀಟರ್ ಬಂತು, ಅಂದರೆ ಒಂದು ಪದರ 5 ಮಿಲಿಮೀಟರ್. "ಇಷ್ಟೇಯಾ?" ಅನಿಸುತ್ತದೆ. ಆದರೆ ಎದೆಯ ಸುತ್ತ ಅದು ಎಲ್ಲ ಕಡೆಯಿಂದಲೂ ಮೈಯನ್ನು ದಪ್ಪ ಮಾಡುತ್ತದೆ. ದಪ್ಪ ಎಷ್ಟೋ ಅದರ ಸುಮಾರು ಆರರಷ್ಟು ಸುತ್ತಳತೆ ಹೆಚ್ಚುತ್ತದೆ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ ಅಷ್ಟೆ. ಐದು ಮಿಲಿಮೀಟರಿನ ಸ್ವೆಟರ್ ಎದೆಗೆ 3 ಸೆಂಟಿಮೀಟರ್ ಸೇರಿಸುತ್ತದೆ. ಈ "ಆರರಷ್ಟು" ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬರುತ್ತದೆ.

ಭುಜ

ಜಾಕೆಟ್ಟಿನಲ್ಲಿ ಮೊದಲು ನೋಡಬೇಕಾದದ್ದು ಎದೆಯನ್ನಲ್ಲ, ಭುಜವನ್ನು. ಎದೆ ಸ್ವಲ್ಪ ಬಿಗಿಯಾದರೆ ಜಿಪ್ ತೆರೆದಿಟ್ಟುಕೊಳ್ಳಬಹುದು, ತೋಳು ಉದ್ದವಾದರೆ ಕಡಿಮೆ ಮಾಡಿಸಬಹುದು. ಭುಜ ತಪ್ಪಿದರೆ ಉಪಾಯವಿಲ್ಲ.

ಅಳೆಯಲು ಇನ್ನೊಬ್ಬರು ಬೇಕು. ಟೇಪಿನ ಸೆಂಟಿಮೀಟರ್ ಬದಿ ಹಿಡಿಯಿರಿ. ನಮ್ಮ ದರ್ಜಿಗಳೆಲ್ಲ ಇಂಚಿನವರೇ, ಆದರೆ ಇಲ್ಲಿ ಅರ್ಧ ಸೆಂಟಿಮೀಟರಿಗೂ ಬೆಲೆಯಿದೆ. ತೋಳನ್ನು ಪಕ್ಕಕ್ಕೆ, ನೆಲಕ್ಕೆ ಸಮವಾಗಿ ಎತ್ತಿ. ಭುಜದ ತುದಿಯಲ್ಲಿ, ಎಲುಬು ಮುಗಿದು ತೋಳು ಶುರುವಾಗುವಲ್ಲಿ ಚಿಕ್ಕ ಗುಳಿ ಬೀಳುತ್ತದೆ. ಅಲ್ಲಿ ಬೆರಳಿಟ್ಟು ಗುರುತು ಮಾಡಿ ತೋಳು ಇಳಿಸಿ. ಎರಡೂ ಗುರುತುಗಳ ನಡುವೆ ಬೆನ್ನ ಮೇಲಿಂದ ಟೇಪು ಹಾಯಿಸಿ. ಭಾವನಿಗೆ ಇದು 45 ಸೆಂಟಿಮೀಟರ್ ಬಂತು. ಹಳೆಯ ಅಂಗಿಯ ಭುಜ ಅಳೆದು ಮುಗಿಸುವವರಿದ್ದಾರೆ, ಹಾಗೆ ಮಾಡಬೇಡಿ. ಈಗಿನ ಅಂಗಿಗಳ ಹೊಲಿಗೆ ಭುಜದಿಂದ ಒಂದೆರಡು ಬೆರಳು ಕೆಳಗೇ ಬಿದ್ದಿರುತ್ತದೆ.

ಜಾಕೆಟ್ಟಿನ ಭುಜವನ್ನು ಬೆನ್ನ ಕಡೆಯಿಂದ, ಒಂದು ತೋಳಿನ ಹೊಲಿಗೆಯಿಂದ ಇನ್ನೊಂದರವರೆಗೆ ನೇರ ಅಳೆಯುತ್ತಾರೆ. ಅದು ನಿಮ್ಮ ಭುಜಕ್ಕೆ ಸಮ ಇರಬೇಕು, ಇಲ್ಲವೇ ಒಂದೂವರೆ ಸೆಂಟಿಮೀಟರಿನವರೆಗೆ ಹೆಚ್ಚು. ಕಡಿಮೆ ಬೇಡವೇ ಬೇಡ. ಸ್ವೆಟರ್ ಹಾಕುವವರು ಎರಡೂ ಬದಿಯ ದಪ್ಪ ಸೇರಿಸಬೇಕು: ಭಾವನ ಲೆಕ್ಕದಲ್ಲಿ ಆ ಬದಿಗೆ ಅರ್ಧ, ಈ ಬದಿಗೆ ಅರ್ಧ, ಒಟ್ಟು 1 ಸೆಂಟಿಮೀಟರ್. ಅಂದರೆ ಅವನಿಗೆ ಬೇಕಾದದ್ದು ಕನಿಷ್ಠ 46.

ಹಾಕಿದ ಮೇಲೆ ಕನ್ನಡಿಯಲ್ಲಿ ತಿಳಿಯುವುದು ಹೀಗೆ. ಭುಜ ಸಣ್ಣದಾದರೆ ತೋಳಿನ ಹೊಲಿಗೆ ಕುತ್ತಿಗೆಯ ಕಡೆಗೆ ಹತ್ತಿ ಕೂತಿರುತ್ತದೆ, ಬೆನ್ನಿನಲ್ಲಿ ಒಂದು ಕಂಕುಳಿಂದ ಇನ್ನೊಂದಕ್ಕೆ ಅಡ್ಡಗೆರೆಗಳು ಎಳೆದುಕೊಂಡಿರುತ್ತವೆ, ಕೈ ಮುಂದೆ ಚಾಚಿದರೆ ಕಾಲರ್ ಕುತ್ತಿಗೆ ಬಿಟ್ಟು ಹಿಂದಕ್ಕೆ ಸರಿಯುತ್ತದೆ. ದೊಡ್ಡದಾದರೆ ಹೊಲಿಗೆ ತೋಳಿನ ಮೇಲೆ ಜಾರಿ, ಅದರ ಕೆಳಗೆ ಚರ್ಮ ಒಳಕ್ಕೆ ಗುಳಿ ಬೀಳುತ್ತದೆ. ತೆಳು ಚರ್ಮದಲ್ಲಿ ಆ ಗುಳಿ ಕಾಲಕ್ರಮೇಣ ಇಳಿಬಿದ್ದು ಹೋದೀತು. ಬಿರುಸು ಚರ್ಮದಲ್ಲಿ ಅದು ಹಾಗೇ ಶಾಶ್ವತ.

ನಿಂತು ನೋಡಿದರೆ ಅರ್ಧ ಪರೀಕ್ಷೆಯೂ ಆಗಲಿಲ್ಲ. ಎರಡೂ ಕೈ ಹ್ಯಾಂಡಲ್ ಹಿಡಿದ ಹಾಗೆ ಮುಂದೆ ಚಾಚಿ, ಕತ್ತು ಎಡಕ್ಕೆ ಬಲಕ್ಕೆ ತಿರುಗಿಸಿ. ಬೆನ್ನು ಹಿಡಿದರೆ ಜಾಕೆಟ್ ನಿಮ್ಮದಲ್ಲ. ಕೆಲವು ಬೈಕ್ ಜಾಕೆಟ್‌ಗಳಲ್ಲಿ ಬೆನ್ನಿನ ಎರಡೂ ಬದಿ, ತೋಳಿನ ಹೊಲಿಗೆಯ ಹಿಂದೆ ಉದ್ದ ಮಡಿಕೆ ಬಿಟ್ಟಿರುತ್ತಾರೆ. ಕೈ ಮುಂದೆ ಹೋದಾಗ ಮಡಿಕೆ ಬಿಚ್ಚಿಕೊಂಡು ಜಾಗ ಕೊಡುತ್ತದೆ. ಬೈಕಿಗೆಂದೇ ಕೊಳ್ಳುವವರಿಗೆ ನನ್ನ ಸಲಹೆ ಇಂಥದ್ದೇ ಆಗಲಿ ಎಂದು. ಮಡಿಕೆ ಇದೆಯೆಂದು ಸಣ್ಣ ಭುಜದ್ದನ್ನು ಕೊಳ್ಳಬೇಡಿ. ಅದು ಕೈ ಮುಂದೆ ಚಾಚಲು ಕೊಟ್ಟ ಜಾಗ, ಅಗಲ ಭುಜಕ್ಕೆ ಕೊಟ್ಟದ್ದಲ್ಲ.

ಎದೆಯ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿ. ಅಳತೆಪಟ್ಟಿಯಲ್ಲಿ 40 ಎಂದಿದ್ದರೆ ಅದು 40 ಇಂಚಿನ ಎದೆಯವರಿಗೆ ಎಂದೋ, ಜಾಕೆಟ್ಟೇ 40 ಇಂಚು ಎಂದೋ? ಒಬ್ಬೊಬ್ಬರದು ಒಂದೊಂದು ಪದ್ಧತಿ. ಅದಕ್ಕೇ ನಂಬರು ಬಿಟ್ಟು, ಜಿಪ್ ಹಾಕಿ ಹಾಸಿದ ಜಾಕೆಟ್ಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಅಳೆದರೆ ಎಷ್ಟು ಎಂದು ಮಾರುವವರನ್ನೇ ಕೇಳಿ. ಅದರ ಎರಡರಷ್ಟು ಎದೆಯ ಸುತ್ತಳತೆ. ಹೇಳಲು ಬಾರದವರ ಹತ್ತಿರ ಹಿಗ್ಗದ ಜಾಕೆಟ್ ಕೊಳ್ಳುವುದು ಜೂಜು.

ಈ ಸುತ್ತಳತೆ ಹೊರಗಿನದ್ದು. ಒಳಗೆ ನಿಮಗೆ ಸಿಗುವುದು ಅದಕ್ಕಿಂತ ಕಡಿಮೆ, ಯಾಕೆಂದರೆ ಚರ್ಮ ಮತ್ತು ಲೈನಿಂಗ್ ತಮ್ಮ ದಪ್ಪವನ್ನು ಒಳಗಡೆಯಿಂದ ತಿನ್ನುತ್ತವೆ. ಚರ್ಮ, ತೆಳು ಹತ್ತಿಯ ಪದರ, ಲೈನಿಂಗ್ ಸೇರಿ 4 ಮಿಲಿಮೀಟರ್ ಎಂದುಕೊಂಡರೆ, ಆರರಷ್ಟು ಅಂದರೆ 2.4 ಸೆಂಟಿಮೀಟರ್ ಹೋಯಿತು. ಉಸಿರೆಳೆದಾಗ ಎದೆ ಹಿಗ್ಗಲೂ ಜಾಗ ಬೇಕು. ಪೊಲೀಸ್ ನೇಮಕಾತಿಯಲ್ಲಿ ಎದೆ ಉಬ್ಬಿಸಿದಾಗ 5 ಸೆಂಟಿಮೀಟರ್ ಹೆಚ್ಚಬೇಕು ಎನ್ನುತ್ತಾರಲ್ಲ, ಅದೇ ಐದನ್ನು ಇಲ್ಲೂ ಹಿಡಿಯೋಣ. ಕೈ ಆಡಿಸಲು ಬೇಕಾದ ಸಡಿಲವೂ ಹೆಚ್ಚುಕಡಿಮೆ ಅದರಲ್ಲೇ ಬರುತ್ತದೆ.

ಭಾವನ ಎದೆ ಟೀ ಶರ್ಟಿನ ಮೇಲೆ 98. ಅದಕ್ಕೆ ಚರ್ಮದ 2.4, ಉಸಿರಿನ 5 ಸೇರಿಸಿದರೆ 105.4. ಅವನು ಮೊದಲು ತರಿಸಿದ 40ರ ಜಾಕೆಟ್ ಹಾಸಿ ಅಳೆದರೆ 53, ಎರಡರಷ್ಟು 106. ಕಾರವಾರದ ನಮ್ಮ ಮನೆಯಲ್ಲಿ, ಟೀ ಶರ್ಟಿನ ಮೇಲೆ ಹಾಕಿ ನೋಡಿದ. ಹೇಳಿ ಹೊಲಿಸಿದ ಹಾಗೆ ಕೂತಿತ್ತು. ನಾನೂ ಹೊಗಳಿದೆ, ತಪ್ಪಿನಲ್ಲಿ ನನ್ನ ಪಾಲೂ ಇದೆ. ಊರಿಗೆ ಹೋಗಿ ಒಂದು ವಾರದ ನಂತರ, ಮಂಜಿನಲ್ಲಿ ಸ್ವೆಟರಿನ ಮೇಲೆ ಅದನ್ನೇ ಹಾಕಿಕೊಂಡು ಹೊರಟ. ಕುಮಟಾದಿಂದ ಫೋನು: "ಭಾವ, ಕೈ ಮುಂದೆ ಹೋಗ್ತೇ ಇಲ್ಲೆ. ಉಸಿರು ಕಟ್ಟಿದಂಗೆ ಆಗ್ತು." ಆಗಲೇಬೇಕು. ಸ್ವೆಟರಿನ 3 ಸೇರಿದರೆ ಅವನಿಗೆ ಬೇಕಾದದ್ದು 108.4, ಇದ್ದದ್ದು 106. ಭುಜಕ್ಕೆ ಬೇಕಾದದ್ದು 46, ಇದ್ದದ್ದು 45.

ಅದೇ ಜಾಕೆಟ್ಟಿನ 42ರ ಅಳತೆ ಹೀಗಿತ್ತು: ಹಾಸಿ ಅಳೆದರೆ 55.5, ಅಂದರೆ ಸುತ್ತ 111. ಭುಜ 46.5. ಸ್ವೆಟರ್ ಹಾಕಿದರೂ ಎದೆಯಲ್ಲಿ ಎರಡೂವರೆ ಸೆಂಟಿಮೀಟರ್ ಉಳಿಯುತ್ತದೆ, ಭುಜದಲ್ಲಿ ಅರ್ಧ. ಸ್ವೆಟರ್ ಬಿಚ್ಚಿದಾಗ ಹೊಲಿಗೆ ಒಂದೊಂದು ಬದಿಗೆ ಮುಕ್ಕಾಲು ಸೆಂಟಿಮೀಟರ್ ಹೊರಗೆ ಬೀಳುತ್ತದೆ. ಅದು ಕಣ್ಣಿಗೆ ಬೀಳುವಷ್ಟಲ್ಲ. ಎರಡು ಅಳತೆಗಳ ನಡುವೆ ಸಿಕ್ಕಿಬಿದ್ದವರು ತೂಗಿ ನೋಡಬೇಕಾದದ್ದು ಇದನ್ನೇ: ದಪ್ಪ ಉಡುಪಿಗೆ ಸರಿಹೋಗುವ ಜಾಕೆಟ್, ತೆಳು ಉಡುಪಿನಲ್ಲಿ ಭುಜ ಬಿಟ್ಟು ಎಷ್ಟು ಹೊರಗೆ ಬೀಳುತ್ತದೆ? ಒಂದು ಬದಿಗೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚಾದರೆ ಜಾಕೆಟ್ ದೊಡ್ಡದು ಮಾಡಬೇಡಿ, ಸ್ವೆಟರ್ ತೆಳುವಾದದ್ದು ಕೊಳ್ಳಿ. ಎರಡು ಮಿಲಿಮೀಟರಿನ ತೆಳು ಉಣ್ಣೆಯದಾದರೆ ಎದೆಗೆ ಸೇರುವುದು ಸುಮಾರು 1.2 ಸೆಂಟಿಮೀಟರ್ ಮಾತ್ರ.

ಹೊಟ್ಟೆಯಿದ್ದವರು ಹೊಟ್ಟೆಯನ್ನೂ ಅಳೆಯಿರಿ, ಕೂತುಕೊಂಡು, ಅದೂ ಊಟವಾದ ಮೇಲೆ. ಬೈಕ್ ಜಾಕೆಟ್ಟಿನ ಕೆಳಅಂಚು ಕಿರಿದಾಗಿರುತ್ತದೆ, ಎದೆಗೆ ಸರಿಯಾದದ್ದು ಅಲ್ಲಿ ಮುಚ್ಚದೇ ಹೋಗಬಹುದು.

ತೋಳು

ತೋಳಿನ ವಿಷಯದಲ್ಲಿ ಮಾತ್ರ ಹೊಸ ಜಾಕೆಟ್ ಸುಳ್ಳು ಹೇಳುತ್ತದೆ. ಅಂಗಡಿಯಲ್ಲಿ ಮಣಿಕಟ್ಟಿಗೆ ಸರಿಯಾಗಿ ನಿಂತ ತೋಳು ನಾಲ್ಕು ತಿಂಗಳಿಗೆ ಗಿಡ್ಡ ಅನಿಸುತ್ತದೆ. ಚರ್ಮ ಕುಗ್ಗಿದ್ದಲ್ಲ. ಮೊಣಕೈ ಮಡಚಿ ಮಡಚಿ ಅಲ್ಲಿ ಆಳದ ನೆರಿಗೆ ಬೀಳುತ್ತವೆ, ಬಿರುಸು ಚರ್ಮದ ನೆರಿಗೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಆ ನೆರಿಗೆಗಳೊಳಗೆ ಒಂದರಿಂದ ಎರಡು ಸೆಂಟಿಮೀಟರ್ ಉದ್ದ ಸೇರಿಹೋಗುತ್ತದೆ. ಹ್ಯಾಂಡಲ್ ಹಿಡಿದಾಗ ತೋಳು ಇನ್ನೂ ಮೇಲೇರುತ್ತದೆ.

ಭುಜದ ಗುಳಿಯಿಂದ ಮೊಣಕೈಯ ಹೊರಬದಿಯ ಮೇಲಿಂದ ಮಣಿಕಟ್ಟಿನ ಎಲುಬಿನವರೆಗೆ, ಕೈ ಸ್ವಲ್ಪ ಮಡಚಿಕೊಂಡು ಅಳೆಯಿರಿ. ಬೈಕ್ ಓಡಿಸುವವರಿಗೆ ಜಾಕೆಟ್ಟಿನ ತೋಳು ಇದಕ್ಕಿಂತ 3ರಿಂದ 4 ಸೆಂಟಿಮೀಟರ್ ಹೆಚ್ಚಿರಲಿ. ಹೊಸತರಲ್ಲಿ ಕೈ ಇಳಿಬಿಟ್ಟು ನಿಂತರೆ ಅಂಚು ಹೆಬ್ಬೆರಳಿನ ಬುಡ ಮುಟ್ಟುತ್ತದೆ, ಅಣ್ಣನ ಜಾಕೆಟ್ ಹಾಕಿದ ತಮ್ಮನ ಹಾಗೆ ಕಾಣುತ್ತೀರಿ. ಕಾಣಲಿ. ನಡೆದಾಡಲು ಮಾತ್ರ ಹಾಕುವವರಿಗೆ ಎರಡು ಸೆಂಟಿಮೀಟರ್ ಸಾಕು.

ಭಾವನ ಕೈ 61. ಮೊದಲಿನ ಜಾಕೆಟ್ಟಿನ ತೋಳು 63: ನೆರಿಗೆ ಬಿದ್ದ ಮೇಲೆ ಉಳಿಯುತ್ತಿದ್ದದ್ದು ಅರ್ಧ ಸೆಂಟಿಮೀಟರ್. ಘಟ್ಟದ ಗಾಳಿ ಗ್ಲೌಸಿಗೂ ತೋಳಿಗೂ ನಡುವೆ ನೇರ ಒಳಗೆ. ಎರಡನೆಯದರ ತೋಳು 64.5.

ಉದ್ದ ಕಡಿಮೆ ಮಾಡಿಸುವುದಾದರೆ ತೋಳಿನ ತುದಿ ನೋಡಿಕೊಳ್ಳಿ. ಸಾದಾ ಮಡಚಿ ಹೊಲಿದ ತುದಿಯಾದರೆ ಚರ್ಮದ ಕೆಲಸ ಬಲ್ಲವರು ಸುಲಭಕ್ಕೆ ಮಾಡಿಕೊಡುತ್ತಾರೆ. ತುದಿಯಲ್ಲಿ ಜಿಪ್ ಇದ್ದರೆ ಅದನ್ನು ಬಿಚ್ಚಿ ಮೇಲಕ್ಕೆ ಕೂಡಿಸಬೇಕು, ಕೂಲಿ ಏರುತ್ತದೆ, ಹಳೆಯ ತೂತುಗಳೂ ಉಳಿಯಬಹುದು. ಅಗಲವನ್ನೂ ಮರೆಯಬೇಡಿ: ಸ್ವೆಟರಿನ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಜಾಕೆಟ್ಟಿನೊಳಗೆ ಕೈ ತೂರಿಸಿ. ಹಾಗೆ ಮಾಡಿದರೂ ಮೊಣಕೈ ಮಡಚಿದಾಗ ರಟ್ಟೆ ಹಿಡಿದರೆ ತೋಳು ಸಣ್ಣದು. ಮೊಣಕೈ, ಭುಜಕ್ಕೆ ರಕ್ಷಣೆಯ ಪ್ಯಾಡ್ ಹಾಕುವ ಜಾಕೆಟ್ಟಾದರೆ ಪ್ಯಾಡ್ ಒಳಗಿಟ್ಟೇ ಈ ಪರೀಕ್ಷೆ ಆಗಬೇಕು.

ಪಾರ್ಸೆಲ್ ಬಂದ ದಿನ

ನಮ್ಮ ಕಡೆ ಹಾಕಿ ನೋಡಿ ಕೊಳ್ಳಲು ಆಯ್ಕೆ ಕಡಿಮೆ, ತರಿಸಿಕೊಳ್ಳುವವರೇ ಹೆಚ್ಚು. ಬಂದ ದಿನವೇ ಮನೆಯಲ್ಲಿ ಟೇಪು ಹಿಡಿದು ಮೂರೂ ಅಳತೆ ಮತ್ತೆ ನೋಡಿ. ಬಿರುಸು ಚರ್ಮ ಉಬ್ಬಿಕೊಂಡಿರುತ್ತದೆ, ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿ ಅಳೆಯಿರಿ. ಆಮೇಲೆ ಸ್ವೆಟರಿನ ಮೇಲೆ ಹಾಕಿ, ಅಂಗಳದಲ್ಲಿ ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಹತ್ತಿ ಕೂರಿ. ಜಿಪ್ ಪೂರ್ತಿ ಏರಿಸಿ, ಹ್ಯಾಂಡಲ್ ಹಿಡಿದು, ಜೋರಾಗಿ ಉಸಿರೆಳೆದು, ಹಿಂದೆ ತಿರುಗಿ ನೋಡಿ. ಐದು ನಿಮಿಷ ಸಾಕು. ಹೆಚ್ಚು ಹೊತ್ತು ಕೂತರೆ ಮೊಣಕೈಯಲ್ಲಿ ನೆರಿಗೆ ಬಿದ್ದು, ಹಿಂದಿರುಗಿಸುವಾಗ ತಕರಾರು ಬರುತ್ತದೆ.

ಮಳೆಗಾಲದಲ್ಲಿ ತರಿಸಿದವರಿಗೆ ಒಂದು ಮಾತು. ಯಕ್ಷಗಾನದ ಮದ್ದಳೆಯವರನ್ನು ಕೇಳಿ, ಆಷಾಢದ ತೇವದಲ್ಲಿ ಚರ್ಮ ಹೇಗೆ ಸಡಿಲವಾಗುತ್ತದೆ ಎಂದು ಹೇಳುತ್ತಾರೆ. ಜಾಕೆಟ್ಟಿನದು ಹದ ಮಾಡಿದ ಚರ್ಮ, ಅಷ್ಟು ಬದಲಾಗುವುದಿಲ್ಲ. ಆದರೂ ಕಾರವಾರದ ಜುಲೈನಲ್ಲಿ ಅದು ಸ್ವಲ್ಪ ಮೆದುವಾಗಿಯೇ ಇರುತ್ತದೆ. ಆಗ "ಬಿಗಿ, ಆದರೆ ನಡೆಯುತ್ತದೆ" ಎನಿಸಿದ್ದು ಜನವರಿಯ ಒಣಗಾಳಿಯಲ್ಲಿ ನಡೆಯುವುದಿಲ್ಲ. ನೀರಲ್ಲಿ ನೆನೆಸಿ ಮೈಮೇಲೆ ಒಣಗಿಸಿದರೆ ಹಿಗ್ಗುತ್ತದೆ ಎನ್ನುವವರ ಮಾತು ಕೇಳಬೇಡಿ. ಭಾವ ಅದನ್ನೂ ಯೋಚಿಸಿದ್ದ, ಬಚ್ಚಲ ಒಲೆಯ ಪಕ್ಕ ಒಣಗಿಸುವುದು ಅಂತ. ಒದ್ದೆ ಚರ್ಮಕ್ಕೆ ಬೆಂಕಿಯ ಕಾವು ತಗುಲಿದರೆ ಕುಗ್ಗಿ, ಹಪ್ಪಳದ ಹಾಗೆ ಗಡುಸಾಗುತ್ತದೆ. ಪುಣ್ಯಕ್ಕೆ ಅತ್ತೆ ಆ ಚರ್ಮವನ್ನು ಜಗಲಿಯಿಂದ ಒಳಗೇ ಬಿಡಲಿಲ್ಲ.

ದಾರಿಯಲ್ಲಿ ಓಡಿಸಿಯಾದ್ದರಿಂದ ಮೊದಲ ಜಾಕೆಟ್ ವಾಪಸು ಹೋಗಲಿಲ್ಲ. ಅದೀಗ ಕಾರವಾರದಲ್ಲೇ ಇದೆ, 43ರ ಭುಜದ ನನ್ನ ತಮ್ಮ ಟೀ ಶರ್ಟಿನ ಮೇಲೆ ಹಾಕುತ್ತಾನೆ. ಹೊಲಿಗೆ ಒಂದೊಂದು ಬದಿಗೆ ಒಂದು ಸೆಂಟಿಮೀಟರ್ ಹೊರಗೆ ಬೀಳುತ್ತದೆ, ಅವನದೇನೂ ತಕರಾರಿಲ್ಲ. 42ರದ್ದು ಭಾವನ ಮೈಮೇಲೆ ಎರಡು ಚಳಿಗಾಲ ಕಳೆದಿದೆ. ಮೊನ್ನೆ ಬಂದಾಗ ಅದನ್ನು ಹಾಕಿಸಿಯೇ ಟೇಪು ಹಿಡಿದೆ. ಎದೆ, ಭುಜ ಹೊಸತರಲ್ಲಿ ಎಷ್ಟಿತ್ತೋ ಅಷ್ಟೇ. ತೋಳು ಮಾತ್ರ ಭುಜದ ಹೊಲಿಗೆಯಿಂದ ಅಂಚಿನವರೆಗೆ, ನೆರಿಗೆಗಳ ಮೇಲಿಂದ, 63.